ಬಾಕಿ ಕಟ್ಟಿದ ಮಾತ್ರಕ್ಕೆ ಪಾಲಿಸಿ ಮತ್ತೆ ಜಾರಿಗೆ ಬರುವುದಿಲ್ಲ

ಟರ್ಮ್ ಪಾಲಿಸಿಯ ಕಂತು ತಪ್ಪಿದ ಮೇಲೆ ವಿಮಾ ಕಂಪನಿಯಿಂದ ಬರುವ ಲ್ಯಾಪ್ಸ್ ನೋಟಿಸಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಾಕಿ ಪ್ರೀಮಿಯಂ, ಅದರ ಮೇಲಿನ ಬಡ್ಡಿ ಮತ್ತು ಒಟ್ಟು ಮೊತ್ತ. ಅದಕ್ಕೆ ಲಗತ್ತಿಸಿದ ಪುನಶ್ಚೇತನದ ಅರ್ಜಿ ಮತ್ತು ಆರೋಗ್ಯ ಘೋಷಣೆಯನ್ನು ಹೆಚ್ಚಿನವರು ಸಹಿ ಹಾಕಿ ಕಳಿಸುವ ಕಾಗದವೆಂದಷ್ಟೇ ನೋಡುತ್ತಾರೆ. ಕಾನೂನಿನ ಕಣ್ಣಿನಲ್ಲಿ ದುಡ್ಡಿಗಿಂತ ಆ ಫಾರಂಗೇ ತೂಕ ಹೆಚ್ಚು. ಪುನಶ್ಚೇತನವೆಂದರೆ ಹಳೆಯ ಸಾಲ ತೀರಿಸುವುದಲ್ಲ, ಅಪಾಯವನ್ನು ಮತ್ತೆ ಹೊತ್ತುಕೊಳ್ಳಿ ಎಂದು ಕಂಪನಿಗೆ ಸಲ್ಲಿಸುವ ಪ್ರಸ್ತಾವನೆ. ಅದನ್ನು ಒಪ್ಪುವ, ಷರತ್ತಿನೊಂದಿಗೆ ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ಕಂಪನಿಗಿದೆ.

ವಾರ್ಷಿಕ, ಅರ್ಧವಾರ್ಷಿಕ, ತ್ರೈಮಾಸಿಕ ಕಂತುಗಳಿಗೆ 30 ದಿನ, ತಿಂಗಳ ಕಂತಿಗೆ 15 ದಿನ ಗ್ರೇಸ್ ಅವಧಿ ಇರುತ್ತದೆ. ಆ ದಿನಗಳೊಳಗೆ ಸಾವು ಸಂಭವಿಸಿದರೆ ಬಾಕಿ ಕಂತನ್ನು ಕಳೆದು ಉಳಿದ ಮೊತ್ತ ನಾಮಿನಿಗೆ ಸಿಗುತ್ತದೆ. ಅವಧಿ ಮುಗಿದರೆ ಬರಿಯ ಟರ್ಮ್ ಪಾಲಿಸಿಯಲ್ಲಿ ಏನೂ ಉಳಿಯದು, ಏಕೆಂದರೆ ಅದರಲ್ಲಿ ಉಳಿತಾಯದ ಭಾಗವೇ ಇಲ್ಲ. ತಡವಾದರೂ ದುಡ್ಡು ತೆಗೆದುಕೊಂಡರಲ್ಲ, ಅಲ್ಲಿಗೆ ಒಪ್ಪಿದಂತಾಯಿತು ಎಂಬ ವಾದಕ್ಕೆ ಎಲ್‌ಐಸಿ ವಿರುದ್ಧ ಸುನೀತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ನೀಡಿದ ತೀರ್ಪು ಎಚ್ಚರಿಕೆಯಾಗಿದೆ. ಅಲ್ಲಿ 2011ರ ಅಕ್ಟೋಬರ್ ಕಂತು ಬಾಕಿಯಿತ್ತು. 2012ರ ಮಾರ್ಚ್ 6ರಂದು ವಿಮಾದಾರರಿಗೆ ಅಪಘಾತವಾಯಿತು, 9ರಂದು ಬಾಕಿ ಕಟ್ಟಲಾಯಿತು, 21ರಂದು ಅವರು ತೀರಿಕೊಂಡರು. ಮೂಲ ವಿಮಾ ಮೊತ್ತ ಸಿಕ್ಕಿತು, ಅಪಘಾತದ ಹೆಚ್ಚುವರಿ ಮೊತ್ತ ಸಿಗಲಿಲ್ಲ. ಅಪಘಾತದ ದಿನ ಪಾಲಿಸಿ ಜಾರಿಯಲ್ಲಿರಲಿಲ್ಲ ಎಂಬುದೇ ಕಾರಣ. ಆದ್ದರಿಂದ ಹಣ ಕಟ್ಟಿದ ರಸೀದಿಯನ್ನೇ ನೆಚ್ಚಿಕೊಳ್ಳದೆ, ಯಾವ ದಿನಾಂಕದಿಂದ ಪಾಲಿಸಿ ಮತ್ತೆ ಜಾರಿಗೆ ಬಂದಿದೆ ಎಂಬ ಲಿಖಿತ ದೃಢೀಕರಣ ಪಡೆಯಬೇಕು.

ಪುನಶ್ಚೇತನದ ಇನ್ನೊಂದು ಪರಿಣಾಮ ತಕ್ಷಣಕ್ಕೆ ಕಾಣುವುದಿಲ್ಲ. ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎಂಬುದು 1938ರ ವಿಮಾ ಕಾಯಿದೆಯ 45ನೇ ಕಲಂ ಕೊಡುವ ದೊಡ್ಡ ರಕ್ಷಣೆ. ಆಗ ಎರಡು ವರ್ಷವಿದ್ದ ಈ ಅವಧಿಯನ್ನು ಪಾಲಿಸಿಯ ಮೂಲ ದಿನಾಂಕದಿಂದಲೇ ಎಣಿಸಬೇಕೆಂದು ಮಿಥೂಲಾಲ್ ನಾಯಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತ್ತು. 2015ರ ತಿದ್ದುಪಡಿ ಆ ಲೆಕ್ಕವನ್ನು ಬದಲಿಸಿತು. ಈಗ ಪುನಶ್ಚೇತನವಾದ ದಿನದಿಂದ ಮೂರು ವರ್ಷ ಮತ್ತೆ ಆರಂಭವಾಗುತ್ತದೆ. ಉದಾಹರಣೆಗೆ, 32ರ ವಯಸ್ಸಿನಲ್ಲಿ, 2019ರ ಜೂನ್‌ನಲ್ಲಿ ಒಬ್ಬರು ಒಂದು ಕೋಟಿಯ ಪಾಲಿಸಿ ಮಾಡಿಸಿದರೆನ್ನಿ. 2022ರ ಜೂನ್‌ಗೆ ಅವರು ಸುರಕ್ಷಿತ. 2024ರ ಜೂನ್ ಕಂತು ತಪ್ಪಿತು, ಆಗಸ್ಟ್‌ನಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಯಿತು, ನವೆಂಬರ್‌ನಲ್ಲಿ ಪುನಶ್ಚೇತನವಾಯಿತು. ಅಂದರೆ 2027ರ ನವೆಂಬರ್‌ವರೆಗೆ ಕಂಪನಿಗೆ ಪ್ರಶ್ನಿಸುವ ಹಕ್ಕು ಮರಳಿತು. "ಏನೂ ಇಲ್ಲ ಅಂತ ಟಿಕ್ ಹಾಕಿ ಸಾರ್" ಎನ್ನುವ ಏಜೆಂಟರ ಮಾತು ಕೇಳಿದ್ದರೆ, 2026ರಲ್ಲಿ ನಾಮಿನಿಯ ಕ್ಲೇಮಿನ ಎದುರು ಆಸ್ಪತ್ರೆಯ ಹಳೆಯ ಚೀಟಿಯೇ ಸಾಕ್ಷಿಯಾಗಿ ಬಂದು ನಿಲ್ಲಬಹುದು. ಕಾಯಿಲೆಯನ್ನು ಬರೆದು ತಿಳಿಸಿದರೆ ಪ್ರೀಮಿಯಂ ಹೆಚ್ಚಾಗಬಹುದು, ಅರ್ಜಿ ತಿರಸ್ಕೃತವೂ ಆಗಬಹುದು. ಆದರೆ ಆ ನಷ್ಟ ಇಂದೇ ಗೊತ್ತಾಗುತ್ತದೆ, ಬೇರೆ ದಾರಿ ಹುಡುಕಲು ಸಮಯವಿರುತ್ತದೆ. ಆತ್ಮಹತ್ಯೆಗೆ ಸಂಬಂಧಿಸಿದ 12 ತಿಂಗಳ ಷರತ್ತೂ ಪುನಶ್ಚೇತನದ ದಿನದಿಂದ ಮತ್ತೆ ಅನ್ವಯಿಸುತ್ತದೆ.

ನೋಟಿಸೇ ಬಂದಿಲ್ಲ, ಹಾಗಾಗಿ ಲ್ಯಾಪ್ಸ್ ಊರ್ಜಿತವಲ್ಲ ಎನ್ನುವವರಿದ್ದಾರೆ. ಕಂತು ತಪ್ಪಿದ ಮೂರು ತಿಂಗಳೊಳಗೆ ವಿಮಾದಾರನಿಗಿರುವ ಆಯ್ಕೆಗಳನ್ನು ತಿಳಿಸಬೇಕೆಂದು ವಿಮಾ ಕಾಯಿದೆಯ 50ನೇ ಕಲಂ ಹೇಳುತ್ತದೆ, ನಿಜ. ಆದರೆ ಆ ಆಯ್ಕೆಗಳು ಪಾಲಿಸಿಯಲ್ಲೇ ಮುದ್ರಿತವಾಗಿದ್ದರೆ ನೋಟಿಸ್ ಕಡ್ಡಾಯವಲ್ಲ, ಮತ್ತು ಸಾಮಾನ್ಯವಾಗಿ ಅವು ಮುದ್ರಿತವಾಗಿಯೇ ಇರುತ್ತವೆ. ಇನ್ನು, ಮೂರು ವರ್ಷ ಹೇಗೂ ಮತ್ತೆ ಎಣಿಸಬೇಕಾದರೆ ಹೊಸ ಪಾಲಿಸಿಯನ್ನೇ ಮಾಡಿಸಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಮೇಲಿನ ಉದಾಹರಣೆಯಲ್ಲಿ ಹಳೆಯ ಪಾಲಿಸಿಯ ಪ್ರೀಮಿಯಂ 32ರ ವಯಸ್ಸಿನದು, ಹೊಸದರದು 37ರದು. ಬಾಕಿಯನ್ನೂ ಬಡ್ಡಿಯನ್ನೂ ಒಂದು ಬದಿಗೆ, ಉಳಿದ ವರ್ಷಗಳ ಪ್ರೀಮಿಯಂ ವ್ಯತ್ಯಾಸವನ್ನು ಇನ್ನೊಂದು ಬದಿಗೆ ಇಟ್ಟು ನೋಡಬೇಕು. ಬಾಕಿ ಒಂದೆರಡು ಕಂತಷ್ಟೇ ಆಗಿದ್ದರೆ ಹೆಚ್ಚಾಗಿ ಹಳೆಯದೇ ಲಾಭ. ನಾಲ್ಕು ವರ್ಷದ ಬಾಕಿಯಾಗಿದ್ದರೆ, ರಕ್ಷಣೆಯೇ ಇಲ್ಲದ ಆ ವರ್ಷಗಳಿಗೂ ಹಣ ತೆರಬೇಕಾಗುತ್ತದೆ. ಪುನಶ್ಚೇತನದ ಗಡುವು ಟರ್ಮ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊದಲ ಬಾಕಿ ಕಂತಿನಿಂದ ಐದು ವರ್ಷ.

ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಟ್ಟಿದ ಹಣದ ವಾಪಸಾತಿಯನ್ನೂ ಕೇಳಿ. ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಕರ್ನಾಟಕದವರು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿಗೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಅಲ್ಲಿ ಕೊಡಿಸಬಹುದಾದ ಗರಿಷ್ಠ ಪರಿಹಾರ 50 ಲಕ್ಷ. ಮೇಲಿನ ಉದಾಹರಣೆಯಂತೆ ಒಂದು ಕೋಟಿಯ ಕ್ಲೇಮ್ ಆದರೆ ಗ್ರಾಹಕ ಆಯೋಗವೇ ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಯಾವ ಹಂತದ ಆಯೋಗ ಎಂಬುದನ್ನು ವಿಮಾ ಮೊತ್ತವಲ್ಲ, ಕಟ್ಟಿದ ಪ್ರೀಮಿಯಂ ನಿರ್ಧರಿಸುತ್ತದೆ. ಹಾಗಾಗಿ ಕೋಟಿಯ ಪ್ರಕರಣವನ್ನೂ ನಾಮಿನಿ ತಮ್ಮ ಜಿಲ್ಲೆಯ ಆಯೋಗದಲ್ಲೇ ದಾಖಲಿಸಬಹುದು.