ಷೇರು ಇದೆ, ಕೊಳ್ಳುವವರಿಲ್ಲ: ಸರ್ಕ್ಯೂಟ್‌ನಲ್ಲಿ ಸಿಕ್ಕಿಬೀಳದಿರಲು ಏನು ನೋಡಬೇಕು?

ಮುಂಬಯಿಯ ಗೋರೆಗಾಂವ್ ಪೂರ್ವದ ಆರೆ ಕಾಲೊನಿಯಲ್ಲಿ ನೋಂದಾಯಿತ ಕಚೇರಿ ಹೊಂದಿದ್ದ ರುಚಿ ಸೋಯಾ ಕಂಪನಿಯನ್ನು ಪತಂಜಲಿ ಸಮೂಹ ದಿವಾಳಿ ಪ್ರಕ್ರಿಯೆಯಲ್ಲಿ 4,350 ಕೋಟಿ ರೂಪಾಯಿಗೆ ಕೊಂಡಿತು. 2020ರ ಜನವರಿ 27ರಂದು ಷೇರು ಮತ್ತೆ ವಹಿವಾಟಿಗೆ ಬಂದಾಗ ಬೆಲೆ ಸುಮಾರು 17 ರೂಪಾಯಿ. ಜೂನ್ ಕೊನೆಗೆ ಅದು 1,500 ದಾಟಿತ್ತು. ಕಂಪನಿಯ ಒಟ್ಟು ಮೌಲ್ಯ 45,000 ಕೋಟಿಯಷ್ಟಾಯಿತು, ಅಂದರೆ ಕೊಂಡ ಬೆಲೆಯ ಸುಮಾರು ಹತ್ತು ಪಟ್ಟು!

ಈ ಏರಿಕೆಯ ಗುಟ್ಟು ವ್ಯಾಪಾರದಲ್ಲಿ ಇರಲಿಲ್ಲ. ಕಂಪನಿಯ ಸುಮಾರು ಶೇ 99ರಷ್ಟು ಷೇರು ಪ್ರವರ್ತಕರ ಬಳಿಯೇ ಇತ್ತು. ಉಳಿದ ಶೇ 1ಕ್ಕಾಗಿ ಪೇಟೆಯವರೆಲ್ಲ ಮುಗಿಬಿದ್ದರು. ಬೆಲೆಯ ಮಿತಿ ದಿನಕ್ಕೆ ಶೇ 5. ದಿನಾ ಶೇ 5ರಂತೆ ಏರಿದರೆ 17 ರೂಪಾಯಿ 1,500 ಆಗಲು ಸುಮಾರು 92 ವಹಿವಾಟಿನ ದಿನ ಸಾಕು. ಬಹುತೇಕ ದಿನ ಆದದ್ದೂ ಅದೇ. ಜುಲೈನಲ್ಲಿ ಗಾಳಿ ತಿರುಗಿತು, ಲೋವರ್ ಸರ್ಕ್ಯೂಟ್‌ಗಳ ಸರದಿ ಬಂತು. 2022ರ ಮಾರ್ಚ್‌ನಲ್ಲಿ ಕಂಪನಿ ಸಾರ್ವಜನಿಕರಿಗೆ ಹೊಸ ಷೇರು ಕೊಟ್ಟದ್ದು 650 ರೂಪಾಯಿಗೆ. ತುದಿಯಲ್ಲಿ ಕೊಂಡವರು ಕೊಟ್ಟದ್ದು ಇದರ ಎರಡು ಪಟ್ಟಿಗಿಂತ ಹೆಚ್ಚು.

ಮಿತಿ ಕೆಲಸ ಮಾಡುವ ರೀತಿ ಸರಳ. ಹಿಂದಿನ ದಿನದ ಮುಕ್ತಾಯ ಬೆಲೆಯ ಮೇಲೆ ಶೇ 2, 5, 10 ಅಥವಾ 20ರಷ್ಟು ಮೇಲಕ್ಕೂ ಕೆಳಕ್ಕೂ ಗೆರೆ ಬೀಳುತ್ತದೆ. ಆ ದಿನ ಗೆರೆಯಾಚೆ ಆರ್ಡರ್ ಹಾಕಲಾಗದು. (ಫ್ಯೂಚರ್ಸ್, ಆಪ್ಷನ್ಸ್ ಇರುವ ದೊಡ್ಡ ಷೇರುಗಳಿಗೆ ಈ ಸ್ಥಿರ ಮಿತಿ ಇಲ್ಲ.) ವಹಿವಾಟು ಮಾತ್ರ ನಿಲ್ಲುವುದಿಲ್ಲ. ಕೊಳ್ಳುವವರಿದ್ದರೆ ಕೆಳಗೆರೆಯಲ್ಲೂ ಮಾರಬಹುದು. ಇಲ್ಲದಿದ್ದರೆ 100 ರೂಪಾಯಿಯ ಷೇರು ಮರುದಿನ 95, ಆಮೇಲೆ 90.25, ಹತ್ತನೇ ದಿನಕ್ಕೆ 59.87. ಅಷ್ಟೂ ದಿನ ನೀವು ಮಾರಲು ಕಾಯುತ್ತಲೇ ಇರುತ್ತೀರಿ.

ಆದ್ದರಿಂದ ಕೊಳ್ಳುವ ಮೊದಲು ಎನ್‌ಎಸ್‌ಇ ಅಥವಾ ಬಿಎಸ್‌ಇ ಜಾಲತಾಣದಲ್ಲಿ ಷೇರಿನ ಹೆಸರು ಹುಡುಕಿ ಮೂರು ಸಂಗತಿ ನೋಡಿ. ಮೊದಲನೆಯದು ಬೆಲೆಯ ಮಿತಿ: ಶೇ 2 ಅಥವಾ 5 ಎಂದಿದ್ದರೆ ಹೊರಬರುವ ಬಾಗಿಲು ಕಿರಿದು ಎಂದೇ ತಿಳಿಯಿರಿ. ಎರಡನೆಯದು ಷೇರುದಾರರ ವಿವರ: ಪ್ರವರ್ತಕರ ಪಾಲು ಎಷ್ಟು, ಜನರ ಕೈಯಲ್ಲಿ ಎಷ್ಟು?

ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಿ. ಮಾರ್ಕೆಟ್ ಡೆಪ್ತ್ ತೆರೆದರೆ ಕೊಳ್ಳುವ ಐದು ಬೆಲೆ, ಮಾರುವ ಐದು ಬೆಲೆ ಕಾಣುತ್ತವೆ. ಮಾರುವ ಕಡೆ ಸೊನ್ನೆ, ಕೊಳ್ಳುವ ಕಡೆ ಲಕ್ಷಗಟ್ಟಲೆ ಷೇರು ಕಂಡರೆ ಅದು ಅಪ್ಪರ್ ಸರ್ಕ್ಯೂಟ್. ಆ ಲಕ್ಷವನ್ನು ಬೇಡಿಕೆ ಎಂದು ನಂಬಬೇಡಿ. ಆರ್ಡರ್ ಹಾಕಿದವರು ಯಾವ ಕ್ಷಣದಲ್ಲಾದರೂ ಹಿಂತೆಗೆಯಬಹುದು. ನೋಡಬೇಕಾದ್ದು ನಿಜವಾಗಿ ಕೈಬದಲಾದ ಷೇರುಗಳ ಸಂಖ್ಯೆ. ದಿನಕ್ಕೆ 2,000 ಷೇರಷ್ಟೇ ವಹಿವಾಟಾಗುವ ಕಡೆ 5,000 ಷೇರು ಕೊಂಡರೆ, ಒಳ್ಳೆಯ ದಿನದಲ್ಲೂ ಒಂದೇ ಸಲ ಮಾರಿ ಹೊರಬರಲಾಗದು.

ಟ್ರೇಡ್ ಟು ಟ್ರೇಡ್ ವಿಭಾಗದ ಷೇರಾದರೆ ಕಷ್ಟ ಇನ್ನೂ ಹೆಚ್ಚು. ಎನ್‌ಎಸ್‌ಇಯಲ್ಲಿ ಹೆಸರಿನ ಪಕ್ಕ BE, ಬಿಎಸ್‌ಇಯಲ್ಲಿ T ಗುಂಪು ಎಂದಿರುತ್ತದೆ. ಇಲ್ಲಿ ಬೆಳಿಗ್ಗೆ ಕೊಂಡು ಸಂಜೆ ಮಾರುವಂತಿಲ್ಲ. ಷೇರು ಡಿಮ್ಯಾಟ್ ಖಾತೆಗೆ ಬಂದ ಮೇಲೆಯೇ ಮಾರಬೇಕು.

ಸ್ಟಾಪ್‌ಲಾಸ್ ಇದೆಯಲ್ಲ ಎಂಬ ಧೈರ್ಯವೂ ಲೋವರ್ ಸರ್ಕ್ಯೂಟ್‌ನಲ್ಲಿ ನಿಲ್ಲದು. ಬೆಲೆ ತಲುಪಿದಾಗ ಅದು ಇನ್ನೊಂದು ಮಾರಾಟದ ಆರ್ಡರ್ ಆಗಿ ಸಾಲಿನ ಕೊನೆಗೆ ಸೇರುತ್ತದೆ ಅಷ್ಟೆ. ತಿರುಗುಮುರುಗು ಅಪಾಯವೂ ಇದೆ: ಕೈಯಲ್ಲಿಲ್ಲದ ಷೇರನ್ನು ಬೆಳಿಗ್ಗೆ ಮಾರಿ ಸಂಜೆಗೆ ಕೊಳ್ಳುವವರು ಅಪ್ಪರ್ ಸರ್ಕ್ಯೂಟ್‌ಗೆ ಸಿಕ್ಕರೆ ಮರಳಿ ಕೊಳ್ಳಲು ಷೇರೇ ಸಿಗುವುದಿಲ್ಲ. ಆಗ ವಿನಿಮಯ ಕೇಂದ್ರ ಹರಾಜಿನಲ್ಲಿ ಕೊಂಡು ಕೊಡುತ್ತದೆ. ಆ ಹೆಚ್ಚುವರಿ ಬೆಲೆಯ ಹೊರೆ ಮಾರಿದವರದೇ.

ಈಗಾಗಲೇ ಲೋವರ್ ಸರ್ಕ್ಯೂಟ್‌ನಲ್ಲಿ ಸಿಕ್ಕಿದ್ದರೆ? ಎಲ್ಲರ ಬೆಲೆಯೂ ಕೆಳಗೆರೆಯದೇ ಆದ್ದರಿಂದ ಮೊದಲು ಆರ್ಡರ್ ಹಾಕಿದವರಿಗೆ ಮೊದಲ ಅವಕಾಶ. ಬೆಳಿಗ್ಗೆ 9ಕ್ಕೆ ಪ್ರಿ-ಓಪನ್ ಶುರುವಾಗುವಾಗಲೇ ಆ ದಿನದ ಕೆಳಮಿತಿಗೆ ಆರ್ಡರ್ ಹಾಕಿ. ಲೋಕಲ್ ಇಳಿದು ಕಚೇರಿ ಸೇರುವ ತನಕ ಕಾಯಬೇಡಿ. ಮತ್ತೆ ಬೆಲೆ ಬದಲಿಸಿದರೆ ಅಥವಾ ಸಂಖ್ಯೆ ಹೆಚ್ಚಿಸಿದರೆ ಸರದಿ ಕೈತಪ್ಪುತ್ತದೆ. ಮಾರಾಟವಾಗದ ಆರ್ಡರ್ ಸಂಜೆಗೆ ರದ್ದಾಗುವುದರಿಂದ ಮರುದಿನ ಹೊಸ ಮಿತಿಗೆ ಮತ್ತೆ ಹಾಕಬೇಕು. ಷೇರು ಎರಡೂ ಕೇಂದ್ರಗಳಲ್ಲಿದ್ದರೆ ಯಾವುದರಲ್ಲಿ ಕೊಳ್ಳುವವರಿದ್ದಾರೆ ಎಂದು ಇಣುಕಿ ನೋಡಿ. ಸರಾಸರಿ ಬೆಲೆ ಇಳಿಸಿಕೊಳ್ಳಲೆಂದು ಕೆಳಗೆರೆಯಲ್ಲಿ ಇನ್ನಷ್ಟು ಕೊಳ್ಳಬೇಡಿ. ಆ ಷೇರನ್ನೂ ಮಾರಲು ಇದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.