ಮೂರರಲ್ಲಿ ಯಾವುದನ್ನು ಬಿಡಲಿ, ಸರ್?

ಹೊಸ ವ್ಯಾಪಾರಕ್ಕೆ ಇಳಿಯುವ ಮುನ್ನ ನಂಬಿಕೆಯ ಹಿರಿಯರಿಗೆ ಸಂದೇಶ ಕಳಿಸುವವರು ‘ಈ ಮೂರು ಯೋಚನೆ ಹೇಗಿವೆ ಸರ್?’ ಎಂದು ಕೇಳಬೇಡಿ. ‘ಚೆನ್ನಾಗಿವೆ, ಮುಂದುವರಿಸಿ’ ಎಂಬ ಉತ್ತರವನ್ನು ನೀವೇ ಅವರ ಬಾಯಿಗೆ ಹಾಕಿದಂತಾಗುತ್ತದೆ. ‘ಗಾಣದ ಎಣ್ಣೆ, ದೋಸೆ ಹಿಟ್ಟು, ಶಾಮಿಯಾನ ಬಾಡಿಗೆ: ಇವುಗಳಲ್ಲಿ ಮೊದಲು ಯಾವುದನ್ನು ಕೈಬಿಡುತ್ತೀರಿ, ಯಾಕೆ?’ ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ಎಡೆಯಿರುವುದಿಲ್ಲ. ಒಂದನ್ನು ಬಿಡಲೇಬೇಕಾದಾಗ ಕಾರಣ ತಾನಾಗಿ ಹೊರಬರುತ್ತದೆ.

ಆದರೆ ಕಾರಣ ಹೇಳಲು ಅವರಿಗೆ ಲೆಕ್ಕ ಬೇಕು. ಒಂದು ಲೀಟರ್ ಶೇಂಗಾ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು ಎಂದುಕೊಳ್ಳಿ. ಕೆಜಿಗೆ 130ರಂತೆ 325 ರೂಪಾಯಿ, ಹಿಂಡಿ ಮಾರಿ 50 ವಾಪಸ್. ಎಣ್ಣೆಯನ್ನು 340ಕ್ಕೆ ಮಾರಿದರೆ ಉಳಿಯುವುದು 65. ಕರೆಂಟು, ಬಾಟಲಿ, ಕೂಲಿ ಎಲ್ಲ ಅದರಲ್ಲೇ. ಇಷ್ಟು ಕಂಡರೆ ಸಾಕು, ‘ಸುಗ್ಗಿಯಲ್ಲಿ ಬೀಜ ಕೊಂಡಿಡಲು ಬಂಡವಾಳ ಎಲ್ಲಿದೆಯಪ್ಪಾ?’ ಎಂದು ಅವರು ಕೇಳಿಯಾರು. ಬರೀ ‘ಶುದ್ಧ ಎಣ್ಣೆಗೆ ಬೇಡಿಕೆಯಿದೆ’ ಎಂದಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಅಂಕಿ ಖಚಿತವಿಲ್ಲವೆಂಬ ಅಳುಕು ಸಹಜ. ‘ಇದು ಅಂದಾಜು’ ಎಂದೇ ಬರೆಯಿರಿ, ತಪ್ಪಿದ್ದರೆ ಅವರು ತಿದ್ದುತ್ತಾರೆ. ಮೂರರಲ್ಲಿ ನಿಮ್ಮ ಮೆಚ್ಚಿನದು ಯಾವುದೆಂದು ಮಾತ್ರ ಮೊದಲೇ ಬರೆಯಬೇಡಿ. ಅದನ್ನು ಮುಚ್ಚಿಡುವುದು ಕಪಟವಲ್ಲವೇ ಎಂದೀರಿ. ಉತ್ತರ ಬಂದ ಮೇಲೆ ಹೇಳಿ, ಅಷ್ಟೇ. ಮೊದಲೇ ಗೊತ್ತಾದರೆ ಪ್ರೀತಿಯುಳ್ಳವರು ಅದನ್ನು ತೆಗಳಲು ಹಿಂಜರಿಯುತ್ತಾರೆ.