ಜಾಲತಾಣಕ್ಕೆ ಬೆಲ್ಲದ ಚಿತ್ರ: ಛಾಯಾಗ್ರಾಹಕರಿಗೆ ಮೊದಲೇ ಕೊಡಬೇಕಾದ ವಿವರ

ಆಲೆಮನೆಯ ಬೆಲ್ಲವನ್ನು ಸಂತೆಯಲ್ಲಿ ಕೊಳ್ಳುವವನು ಕೈಯಲ್ಲಿ ಹಿಡಿದು, ಮುರಿದು, ಬಾಯಿಗೆ ಹಾಕಿ ನೋಡುತ್ತಾನೆ. ಜಾಲತಾಣದಲ್ಲಿ ಕೊಳ್ಳುವವನಿಗೆ ಚಿತ್ರವೊಂದೇ ಆಧಾರ. ಆದ್ದರಿಂದ ಅನೇಕ ರೈತ ಉತ್ಪಾದಕರ ಸಂಘಗಳು ಪಟ್ಟಣದಿಂದ ಛಾಯಾಗ್ರಾಹಕರನ್ನು ಕರೆಸಿ, ಒಂದು ದಿನದ ಬಾಡಿಗೆ ಕೊಟ್ಟು ಚಿತ್ರ ತೆಗೆಸುತ್ತವೆ. ಚಿತ್ರಗಳು ನೋಡಲು ಚೆನ್ನಾಗಿಯೇ ಇರುತ್ತವೆ. ಆದರೆ ಜಾಲತಾಣಕ್ಕೆ ಏರಿಸಿದಾಗ ಬಾಟಲಿಯ ಮುಚ್ಚಳ ಕಾಣುವುದಿಲ್ಲ, ಒಂದು ಪೊಟ್ಟಣ ದೊಡ್ಡದು ಇನ್ನೊಂದು ಚಿಕ್ಕದಾಗಿ ತೋರುತ್ತದೆ, ಹಿಗ್ಗಿಸಿ ನೋಡಿದರೆ ಅಕ್ಷರ ಓದಲು ಬರುವುದಿಲ್ಲ. ಇದು ಬಹುಮಟ್ಟಿಗೆ ಛಾಯಾಗ್ರಾಹಕರ ತಪ್ಪಲ್ಲ. ಚಿತ್ರ ಎಂತಹ ಚೌಕಟ್ಟಿನಲ್ಲಿ ಕೂರುತ್ತದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಉದಾಹರಣೆಗೆ ಮಂಡ್ಯದ ಕಡೆಯ ಒಂದು ಸಂಘವು ಮೂರು ಬಗೆಯ ಸರಕು ಮಾರುತ್ತದೆಂದು ಇಟ್ಟುಕೊಳ್ಳೋಣ: 24 ಸೆಂಟಿಮೀಟರ್ ಎತ್ತರದ ಬಾಟಲಿಯಲ್ಲಿ ಜೋನಿ ಬೆಲ್ಲ, ಪೊಟ್ಟಣದಲ್ಲಿ ಪುಡಿ ಬೆಲ್ಲ ಮತ್ತು ಗಿಡ್ಡನೆಯ ಅಚ್ಚು ಬೆಲ್ಲ. ಛಾಯಾಗ್ರಾಹಕರು ಬರುವ ಮುನ್ನ ಜಾಲತಾಣ ಮಾಡಿಕೊಟ್ಟವರನ್ನು ಎರಡು ಮಾತು ಕೇಳಬೇಕು. ಸರಕುಗಳ ಪಟ್ಟಿಯಲ್ಲಿ ಪ್ರತಿ ಚಿತ್ರದ ಮನೆ ಚೌಕವೋ, ಉದ್ದನೆಯದೋ? ಮನೆಗೆ ಹೊಂದದ ಚಿತ್ರವನ್ನು ಅದು ಕತ್ತರಿಸುತ್ತದೆಯೋ, ಕುಗ್ಗಿಸುತ್ತದೆಯೋ? ಅವರ ಭಾಷೆಯಲ್ಲಿ ಇದು ಒಂದೇ ಸಾಲಿನ ಆಜ್ಞೆ:

```
object-fit: cover;
```

ಹೀಗಿದ್ದರೆ ಮನೆ ತುಂಬುವವರೆಗೆ ಚಿತ್ರವನ್ನು ಹಿಗ್ಗಿಸಿ, ಹೊರಗುಳಿದದ್ದನ್ನು ಕತ್ತರಿಸಲಾಗುತ್ತದೆ. `cover` ಬದಲು `contain` ಎಂದಿದ್ದರೆ ಚಿತ್ರ ಪೂರ್ತಿ ಕಾಣುತ್ತದೆ, ಆದರೆ ಪಕ್ಕದಲ್ಲೋ ಮೇಲೆ ಕೆಳಗೋ ಖಾಲಿ ಪಟ್ಟಿ ಉಳಿಯುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಕತ್ತರಿ ಬೀಳುವುದು ನಡುವನ್ನು ಉಳಿಸಿಕೊಂಡು, ಎರಡು ತುದಿಗಳಿಂದ ಸಮನಾಗಿ.

ಕತ್ತರಿಯ ಲೆಕ್ಕ

ಸಾಮಾನ್ಯವಾದ 24 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರ 6000 ಪಿಕ್ಸೆಲ್ ಉದ್ದ, 4000 ಅಗಲ ಇರುತ್ತದೆ. ಪಿಕ್ಸೆಲ್ ಎಂದರೆ ಚಿತ್ರವನ್ನು ನೇಯ್ದ ಬಣ್ಣದ ಚುಕ್ಕಿ. ಬಾಟಲಿ ಎತ್ತರವಾಗಿರುವುದರಿಂದ ಛಾಯಾಗ್ರಾಹಕರು ಕ್ಯಾಮರಾವನ್ನು ನಿಲ್ಲಿಸಿ ಹಿಡಿದು, 6000ದಲ್ಲಿ 5400 ಪಿಕ್ಸೆಲ್‌ಗಳಷ್ಟು ಬಾಟಲಿಯಿಂದಲೇ ತುಂಬುವುದು ಸಹಜ. ಚೌಕದ ಮನೆಯಲ್ಲಿ ಉಳಿಯುವುದು ನಡುವಿನ 4000 ಮಾತ್ರ. ಬಾಟಲಿಯ ಮೇಲೆ 700, ಕೆಳಗೆ 700 ಪಿಕ್ಸೆಲ್ ಹೋದವು; ಅಂದರೆ ಎರಡೂ ತುದಿಗಳಲ್ಲಿ ತಲಾ ಮೂರು ಸೆಂಟಿಮೀಟರ್. ಮುಚ್ಚಳವೂ ತಳವೂ ಇಲ್ಲದ ಬಾಟಲಿ ಉಳಿಯುತ್ತದೆ. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಬೇಕೆಂದರೆ ಅಕ್ಕಪಕ್ಕದಲ್ಲಿ ಇಲ್ಲದ ಹಿನ್ನೆಲೆಯನ್ನು ಅಂಟಿಸಬೇಕಾಗುತ್ತದೆ, ಅದಕ್ಕೆ ಮತ್ತೆ ಖರ್ಚು.

ಆದ್ದರಿಂದ ವಿವರದ ಹಾಳೆಯಲ್ಲಿ ಹೀಗೆ ಬರೆದುಕೊಡತಕ್ಕದ್ದು: ಕ್ಯಾಮರಾ ಅಡ್ಡವಾಗಿರಲಿ; ಸರಕು ಚಿತ್ರದ ನಡುವಿನ ಚೌಕದೊಳಗೆ ಇರಲಿ; ಅದರ ಉದ್ದನೆಯ ಬದಿ ಆ ಚೌಕದ ನೂರಕ್ಕೆ 80 ಭಾಗ ಮೀರದಿರಲಿ. ಆಗ ಬಾಟಲಿ 3200 ಪಿಕ್ಸೆಲ್ ಎತ್ತರ ಬರುತ್ತದೆ, ಸುತ್ತಲೂ ಜಾಗ ಉಳಿಯುತ್ತದೆ. ಕತ್ತರಿಸದ ಮೂಲ ಚಿತ್ರವನ್ನೂ ಕೊಡಬೇಕೆಂದು ಸೇರಿಸುವುದು ಒಳ್ಳೆಯದು. ಮುಂದೆ ಜಾಲತಾಣದ ಮನೆಗಳ ಆಕಾರ ಬದಲಾದರೆ ಅದೇ ಚಿತ್ರ ಉಪಯೋಗಕ್ಕೆ ಬರುತ್ತದೆ.

ಸಾಲಿನಲ್ಲಿ ಕೂರುವ ಬಗೆ

ಪಟ್ಟಿಯಲ್ಲಿ ಚಿತ್ರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ಎಲ್ಲ ಸರಕುಗಳ ತಳ ಒಂದೇ ಗೆರೆಯಲ್ಲಿರದಿದ್ದರೆ ಒಂದು ಪೊಟ್ಟಣ ತೇಲಿದಂತೆ, ಇನ್ನೊಂದು ಮುಳುಗಿದಂತೆ ಕಾಣುತ್ತದೆ. ಮೇಜಿನ ಮೇಲೆ ಸರಕು ನಿಲ್ಲುವ ಜಾಗಕ್ಕೂ ನೆಲದ ಮೇಲೆ ಕ್ಯಾಮರಾದ ಮುಕ್ಕಾಲಿಗೂ ಅಂಟುಪಟ್ಟಿಯಿಂದ ಗುರುತು ಹಾಕಿಸುವುದು ಸುಲಭದ ಉಪಾಯ.

ಪುಡಿ ಬೆಲ್ಲದ ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣಗಳನ್ನು ತೆಗೆಯುವಾಗ ಮುಕ್ಕಾಲಿಯನ್ನು ಕದಲಿಸಬಾರದು. ಮೊದಲು ಒಂದು ಕಿಲೋ ಪೊಟ್ಟಣಕ್ಕೆ ಹೊಂದಿಸಿಕೊಂಡು, ಉಳಿದವನ್ನು ಅಲ್ಲಿಂದಲೇ ತೆಗೆಯಬೇಕು. ಪ್ರತಿಯೊಂದನ್ನೂ ಮನೆ ತುಂಬುವಂತೆ ತೆಗೆದರೆ ಕಾಲು ಕಿಲೋವೂ ಒಂದು ಕಿಲೋವೂ ಒಂದೇ ಗಾತ್ರ ತೋರಿ, ಕೊಂಡವನು ಮೋಸ ಹೋದೆನೆಂದು ತಿಳಿಯುತ್ತಾನೆ. ಬಾಟಲಿ ಮತ್ತು ಅಚ್ಚು ಬೆಲ್ಲಗಳ ನಡುವೆ ಈ ಹೋಲಿಕೆ ಬೇಕಿಲ್ಲ. ಅಚ್ಚನ್ನು ಅದರ ಅಗಲಕ್ಕೆ ತಕ್ಕಂತೆ ಹತ್ತಿರದಿಂದ ತೆಗೆಯಬಹುದು.

ಹಿನ್ನೆಲೆ ಬಿಳಿಯೆಂದರೆ ಅಪ್ಪಟ ಬಿಳಿಯೇ ಆಗಬೇಕು. ಬಿಳಿ ಪುಟದಲ್ಲಿ ಮಾಸಲು ಬಿಳಿಯ ಹಿನ್ನೆಲೆಯುಳ್ಳ ಚಿತ್ರ ತೇಪೆ ಹಚ್ಚಿದಂತೆ ಎದ್ದು ಕಾಣುತ್ತದೆ.

ಹಿಗ್ಗಿಸಿದಾಗ

ಜಾಲತಾಣದಲ್ಲಿ ಹಿಗ್ಗಿಸುವ ಸೌಲಭ್ಯಕ್ಕೆ 2000 ಪಿಕ್ಸೆಲ್ ಚದರದ ಚಿತ್ರ ಸಾಕು. ಪುಟದಲ್ಲಿ 600 ಪಿಕ್ಸೆಲ್ ಕಾಣುತ್ತಿದ್ದರೆ ಅದನ್ನು ಮೂರು ಪಟ್ಟು ಹಿಗ್ಗಿಸಬಹುದು. ಆದರೆ ಇದರಲ್ಲಿ ಬಾಟಲಿಯ ಪಾಲಿಗೆ ಬರುವುದು 1600. ಅದನ್ನು 240 ಮಿಲಿಮೀಟರ್‌ಗೆ ಹಂಚಿದರೆ ಮಿಲಿಮೀಟರಿಗೆ ಏಳು ಚುಕ್ಕಿಯೂ ಸಿಗದು. ಲೇಬಲ್ಲಿನ ಮೇಲಿನ ಒಂದೂವರೆ ಮಿಲಿಮೀಟರ್ ಅಕ್ಷರಕ್ಕೆ ಸುಮಾರು 10 ಚುಕ್ಕಿ. ಇಷ್ಟರಲ್ಲಿ ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ. ಎಷ್ಟು ಹಿಗ್ಗಿಸಿದರೂ ಇಲ್ಲದ ಚುಕ್ಕಿ ಹುಟ್ಟುವುದಿಲ್ಲ.

ಇದಕ್ಕೆ ಪರಿಹಾರ ಲೇಬಲ್ಲಿನದೇ ಪ್ರತ್ಯೇಕ ಚಿತ್ರ. ಎಂಟು ಸೆಂಟಿಮೀಟರ್ ಲೇಬಲ್ಲು 1600 ಪಿಕ್ಸೆಲ್ ತುಂಬುವಷ್ಟು ಕ್ಯಾಮರಾವನ್ನು ಹತ್ತಿರ ತಂದರೆ ಅದೇ ಅಕ್ಷರಕ್ಕೆ 30 ಚುಕ್ಕಿ ಸಿಗುತ್ತವೆ. ದೊಡ್ಡ ಚಿತ್ರದಿಂದಲೇ ಲೇಬಲ್ಲನ್ನು ಕತ್ತರಿಸಿ ಕೊಟ್ಟರೆ ಇಷ್ಟು ಬಾರದು. ಬೇರೆಯಾಗಿಯೇ ತೆಗೆಯಬೇಕೆಂದು ಹಾಳೆಯಲ್ಲಿ ಸ್ಪಷ್ಟಪಡಿಸಬೇಕು. ಪೊಟ್ಟಣದ ಪ್ಲಾಸ್ಟಿಕ್ ಮೇಲೆ ಬೆಳಕು ಹೊಳೆದರೆ ಅಕ್ಷರ ಅಳಿಸಿದಂತಾಗುವುದರಿಂದ, ಎರಡು ಬದಿಯಿಂದಲೂ ತೆಳು ಬಿಳಿ ಬಟ್ಟೆಯ ಮೂಲಕ ಬೆಳಕು ಬಿಡುವುದು ಮೇಲು. ಪೊಟ್ಟಣದ ಮೇಲೆ ಕೂತ ಬೆಲ್ಲದ ಧೂಳು ಬರಿಗಣ್ಣಿಗೆ ಕಾಣದಿದ್ದರೂ ಹಿಗ್ಗಿಸಿದಾಗ ಕಾಣುತ್ತದೆ. ಒರೆಸುವ ಕೆಲಸ ಸಂಘದವರದು.

ಬಣ್ಣದ ಮಾತು

ಬೆಲ್ಲದಲ್ಲಿ ಬಣ್ಣ ತಪ್ಪಿದರೆ ನಷ್ಟ ಹೆಚ್ಚು. ಹೈಡ್ರೋಸ್ ಹಾಕದ ಬೆಲ್ಲ ಕಂದು. ಹಾಕಿದ್ದು ತಿಳಿ ಹಳದಿ. ಬೆಳಕು ಹೆಚ್ಚಾಗಿ ಚಿತ್ರ ತೆಳುವಾದರೆ ಅಪ್ಪಟ ಬೆಲ್ಲವೂ ಹೈಡ್ರೋಸ್ ಹಾಕಿದಂತೆ ಕಾಣುತ್ತದೆ. ತಿಳಿದ ಗಿರಾಕಿ ಅದನ್ನು ನೋಡಿಯೇ ಮುಂದೆ ಹೋಗುತ್ತಾನೆ. ತಿಳಿ ಬಣ್ಣ ಬಯಸಿ ಕೊಂಡವನು ಕಂದು ಬೆಲ್ಲ ಬಂತೆಂದು ವಾಪಸು ಕಳುಹಿಸುತ್ತಾನೆ. ಬೆಳಕಿನ ಏರ್ಪಾಡು ಬದಲಾದಾಗಲೆಲ್ಲ ಛಾಯಾಗ್ರಾಹಕರ ಬೂದು ಹಲಗೆಯನ್ನು ಸರಕಿನ ಪಕ್ಕ ಇಟ್ಟು ಒಂದು ಚಿತ್ರ ತೆಗೆಯುವಂತೆ ಕೇಳಬೇಕು, ಬಣ್ಣವನ್ನು ಅದರಿಂದ ಸರಿಹೊಂದಿಸುತ್ತಾರೆ. ಅಚ್ಚು ಬೆಲ್ಲವನ್ನು ಚಿತ್ರದ ಹೊತ್ತಿಗೇ ಪೊಟ್ಟಣದಿಂದ ತೆಗೆಯಬೇಕು. ಮಳೆಗಾಲದಲ್ಲಿ ಅದು ಗಾಳಿಯ ತೇವ ಹೀರಿ ಬೆವರುತ್ತದೆ. ಆ ಹೊಳಪು ಚಿತ್ರದಲ್ಲಿ ಹಳೆಯ ಮಾಲಿನಂತೆ ತೋರುತ್ತದೆ.

ಇಷ್ಟೆಲ್ಲ ಬರೆದುಕೊಟ್ಟ ಮೇಲೂ ಇಡೀ ದಿನದ ಕೆಲಸವನ್ನು ಒಮ್ಮೆಗೇ ಮಾಡಿಸಬಾರದು. ಮೊದಲು ಬಾಟಲಿಯದೊಂದು, ಅಚ್ಚಿನದೊಂದು ಚಿತ್ರ ತೆಗೆಸಿ, ಆಗಲೇ ಜಾಲತಾಣದವರಿಗೆ ಕಳುಹಿಸಿ, ಪಟ್ಟಿಯಲ್ಲಿ ಅಕ್ಕಪಕ್ಕ ಇರಿಸಬೇಕು. ಸಾಧಾರಣ ಬೆಲೆಯ ಫೋನಿನಲ್ಲಿ ತೆರೆದು ಮುಚ್ಚಳ, ತಳದ ಗೆರೆ, ಲೇಬಲ್ಲಿನ ಸಣ್ಣಕ್ಷರಗಳನ್ನು ನೋಡಬೇಕು. ಬೆಲ್ಲದ ಅಚ್ಚನ್ನು ಹಗಲು ಬೆಳಕಿನಲ್ಲಿ ಫೋನಿನ ಪಕ್ಕ ಹಿಡಿದು ಬಣ್ಣ ಹೋಲಿಸಬೇಕು. ಸರಿಯಿದ್ದರೆ ಉಳಿದ ಚಿತ್ರಗಳಿಗೆ ಕೈ ಹಾಕಬಹುದು. ಇಲ್ಲದಿದ್ದರೆ ಮುಕ್ಕಾಲಿ ಇನ್ನೂ ಅಲ್ಲೇ ಇರುವಾಗ ತಿದ್ದಿಕೊಳ್ಳಬಹುದು.